ಮಾರಾಟಕ್ಕಿದೆ: 19 ಇಂಚಿನ ಸೈಕಲ್, ಬಿ.ಬಿ.ಯಲ್ಲಿ ಸ್ವಲ್ಪ ಆಟ

ನಂಜನಗೂಡಿನಿಂದ ಆ ಹುಡುಗ ಬೆಳಗಿನ ರೈಲಿಗೇ ಬಂದಿದ್ದ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು, ರೂಮಿನಿಂದ ಕೆಲಸಕ್ಕೆ ಹೋಗಿಬರಲು ಸೈಕಲ್ ಬೇಕಾಗಿತ್ತು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ ನನ್ನ ಸೈಕಲ್ ಎರಡು ವರ್ಷದಿಂದ ಸುಮ್ಮನೆ ನಿಂತಿತ್ತು. ಅದನ್ನು ಮಾರಲು ನಾನು ಬರೆದಿದ್ದ ವಿವರ ಇಷ್ಟೇ: '21 ಗೇರ್, ಡಿಸ್ಕ್ ಬ್ರೇಕ್, ದೊಡ್ಡ ಸೈಜು, ಒಳ್ಳೆ ಕಂಡೀಷನ್, ಈಚೆಗಷ್ಟೇ ಸರ್ವಿಸ್ ಆಗಿದೆ.'

ಹಿಂದಿನ ದಿನ ಅವನು ಫೋನ್ ಮಾಡಿ, "ಸೈಜ್ ಎಷ್ಟು ಸಾರ್?" ಎಂದು ಕೇಳಿದ್ದ. ನಾನು ಬಗ್ಗಿ ಟೈರು ನೋಡಿ "700" ಎಂದಿದ್ದೆ. "ನಾನು ಐದಡಿ ನಾಲ್ಕಿಂಚು. ಆಗುತ್ತಾ?" ಎಂದ. "ಸೀಟು ಇಳಿಸಿಕೊಂಡ್ರೆ ಆಯ್ತಪ್ಪ" ಎಂದೆ.

ಆಗಲಿಲ್ಲ. ಸೀಟನ್ನು ಪೂರ್ತಿ ಇಳಿಸಿದ ಮೇಲೂ, ಕೆಳಗಿಳಿದು ನಿಂತಾಗ ಬಾರು ತೊಡೆಸಂದಿಗೆ ಒತ್ತುತ್ತಿತ್ತು, ಅವನು ತುದಿಗಾಲಲ್ಲಿ ನಿಲ್ಲಬೇಕಾಯಿತು. ಬಂದದ್ದಕ್ಕೆ ಒಂದು ಸುತ್ತಾದರೂ ಹೊಡೆಯೋಣವೆಂದು ಫುಟ್‌ಪಾತಿನ ಅಂಚಿಗೆ ಕಾಲು ಕೊಟ್ಟು ಹತ್ತಿ ಹೊರಟ. ಹಿಂತಿರುಗಿ ಬಂದವನು ಸಂಕೋಚದಿಂದಲೇ ಹೇಳಿದ: "ಏರಲ್ಲಿ ಗೇರು ತಾನಾಗೇ ಹಾರ್ತಿದೆ ಸಾರ್. ಹಿಂದಿನ ಬ್ರೇಕ್ ಹಿಡಿದ್ರೆ ಲಿವರ್ ಹ್ಯಾಂಡಲ್‌ಗೇ ಬಂದು ಕೂತ್ಕೊಳ್ಳುತ್ತೆ." ಕಾಫಿ ಕುಡಿದು ಮುಂದಿನ ರೈಲಿಗೆ ಹೊರಟುಹೋದ.

ನಾನು ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಗೇರು ಇಪ್ಪತ್ತೊಂದು ಇದ್ದದ್ದು ನಿಜ, ಬ್ರೇಕು ಡಿಸ್ಕ್ ಆಗಿದ್ದದ್ದೂ ನಿಜ. ಆದರೂ ಅದನ್ನು ನಂಬಿ ಬಂದವನ ಒಂದು ದಿನ ಹಾಳಾಯಿತು. ಹಳೆಯ ಸೈಕಲಿನ ವಿವರವನ್ನು ದೂರದಲ್ಲಿರುವವನು ಓದುವುದು ಎರಡೇ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು: ಇದು ನನ್ನ ಮೈಗೆ ಹೊಂದುತ್ತದೆಯೇ? ತೆಗೆದುಕೊಂಡ ಮೊದಲ ಕೆಲವು ತಿಂಗಳಲ್ಲಿ ಇದಕ್ಕೆ ಇನ್ನೆಷ್ಟು ಖರ್ಚು ಬೀಳುತ್ತದೆ? ನನ್ನ ಐದು ಮಾತುಗಳಲ್ಲಿ ಎರಡಕ್ಕೂ ಉತ್ತರವಿರಲಿಲ್ಲ. ಆಮೇಲೆ ಒಂದು ವಾರ ಟೇಪು ಹಿಡಿದುಕೊಂಡು, ನಮ್ಮ ಬೀದಿಯ ಕೊನೆಯ ಸೈಕಲ್ ಶಾಪಿನವರ ಹತ್ತಿರ ಬೈಸಿಕೊಂಡು, ಅದೇ ಸೈಕಲಿನ ವಿವರವನ್ನು ಹೊಸದಾಗಿ ಬರೆದೆ.

ಅಪ್ಪನ 24 ಇಂಚು, ಮಗಳ 24 ಇಂಚು

ಗೊಂದಲ ಶುರುವಾಗುವುದೇ ಇಂಚಿನಿಂದ. ನಮ್ಮಪ್ಪನದು 24 ಇಂಚಿನ ಸೈಕಲ್. ರಾಡ್ ಬ್ರೇಕು, ಹಿಂದೆ ಕ್ಯಾರಿಯರು, ಚೈನಿಗೆ ಪೂರ್ತಿ ಮುಚ್ಚಳ ಇದ್ದ ಕರಿಯ ಸೈಕಲ್. ಅದರ ಸೀಟು ನನಗೆ ಎಟುಕದೆ, ವರ್ಷಗಟ್ಟಲೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದಿದ್ದೇನೆ. ಇಂದು ಅಂಗಡಿಗೆ ಹೋಗಿ 24 ಇಂಚಿನ ಸೈಕಲ್ ಕೊಡಿ ಎಂದರೆ ಹತ್ತು ವರ್ಷದ ಮಕ್ಕಳು ಓಡಿಸುವ ಸೈಕಲ್ ತಂದು ನಿಲ್ಲಿಸುತ್ತಾರೆ. ನನ್ನ ಮಗಳಿಗೆ ಕೊಡಿಸಿದ್ದೂ ಅದನ್ನೇ.

ಎರಡೂ 24 ಇಂಚೇ, ಆದರೆ ಅಳೆದಿರುವ ಜಾಗ ಬೇರೆ. ಹಳೆಯ ಕರಿ ಸೈಕಲುಗಳಲ್ಲಿ 22, 24 ಎಂದರೆ ಫ್ರೇಮಿನ ಎತ್ತರ. ಅವುಗಳ ಚಕ್ರ ಎರಡಕ್ಕೂ ಒಂದೇ, ಟೈರಿನ ಮೇಲೆ 28×1½ ಎಂದಿರುತ್ತಿತ್ತು. ಗೇರ್ ಸೈಕಲುಗಳು ಬಂದ ಮೇಲೆ ಮಾತಿನಲ್ಲಿ ಬಳಕೆಗೆ ಬಂದ 24, 26, 27.5, 29 ಎಲ್ಲ ಚಕ್ರದ ಅಳತೆ. ಹಾಗಾಗಿ ಐವತ್ತು ದಾಟಿದವರು ಸೈಜು ಕೇಳಿದರೆ ಅವರ ಮನಸ್ಸಿನಲ್ಲಿರುವುದು ಫ್ರೇಮು, ಇಪ್ಪತ್ತರ ಹುಡುಗರು ಹೇಳಿದರೆ ಅದು ಚಕ್ರ. ಫೋನಿನಲ್ಲಿ ನಾನು ಹೇಳಿದ 700 ಕೂಡ ಚಕ್ರದ್ದೇ.

ಚಕ್ರದ ಅಳತೆಯೂ ಬೇಕು, ಆದರೆ ಅದು ಟೈರು, ಟ್ಯೂಬು ಕೊಳ್ಳುವುದಕ್ಕೆ. ಟೈರಿನ ಪಕ್ಕದಲ್ಲಿ ದೊಡ್ಡ ಅಕ್ಷರದ ಜತೆ ಸಣ್ಣದಾಗಿ ಇನ್ನೊಂದು ಜೋಡಿ ಅಂಕೆ ಇರುತ್ತದೆ. ನನ್ನ ಟೈರಿನಲ್ಲಿ 700×35ಸಿ ಎಂದೂ ಅದರ ಕೆಳಗೆ 37-622 ಎಂದೂ ಇತ್ತು. 37 ಎಂದರೆ ಟೈರಿನ ಅಗಲ. 622 ಎಂದರೆ ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ನಂಬಬೇಕಾದದ್ದು ಈ ಎರಡನೆಯ ಜೋಡಿಯನ್ನು. 29 ಇಂಚು ಎಂದು ಮಾರುವ ಗುಡ್ಡಗಾಡಿನ ಸೈಕಲಿನ ರಿಮ್ಮೂ 622ರದೇ, 26ರದು 559, ಅಪ್ಪನ 28ರದು 635. ಹೆಸರಿನಲ್ಲಿ 29 ದೊಡ್ಡದು, 28 ಚಿಕ್ಕದು. ರಿಮ್ಮಿನಲ್ಲಿ ಅದು ತಿರುಗಾಮುರುಗಾ.

ಸೀಟು ಇಳಿದರೆ ಸೈಕಲ್ ಚಿಕ್ಕದಾಗುವುದಿಲ್ಲ

ಫ್ರೇಮಿನ ಸೈಜು ಎಂದು ಕರೆಯುವುದು ಸೀಟಿನ ಕಂಬ ಇಳಿಯುವ ಕೊಳವೆಯ ಉದ್ದವನ್ನು. ಪೆಡಲಿನ ಎರಡು ತೋಳುಗಳ ನಡುವೆ ಫ್ರೇಮಿನೊಳಗೆ ಹಾದುಹೋಗುವ ಅಚ್ಚಿದೆಯಲ್ಲ, ಶಾಪಿನವರು ಬಿ.ಬಿ. ಎನ್ನುವುದು, ಅದರ ನಟ್ಟನಡುವೆ ಟೇಪಿನ ತುದಿ ಇಟ್ಟು, ಕೊಳವೆಗುಂಟ ಮೇಲೆ ಸೀಟಿನ ಕ್ಲಾಂಪು ಕೂರುವ ಬಾಯಿಯವರೆಗೆ ಅಳೆಯಬೇಕು. ನನ್ನದು 48 ಸೆಂಟಿಮೀಟರ್, ಅಂದರೆ ಸುಮಾರು 19 ಇಂಚು ಬಂತು. ಕೆಲವು ಕಂಪನಿಗಳು ಕೊಳವೆಯ ಬಾಯಿಯವರೆಗೆ ಹೋಗದೆ, ಬಾರು ಬಂದು ಸೇರುವ ಜಾಗದ ನಡುವಿಗೇ ನಿಲ್ಲಿಸುತ್ತವೆ. ಅದೇ ಫ್ರೇಮು ಆಗ ಒಂದೆರಡು ಇಂಚು ಕಡಿಮೆ ತೋರುತ್ತದೆ. ಆದ್ದರಿಂದ ಬರೀ '19 ಇಂಚು' ಎಂದು ಬರೆಯುವುದಕ್ಕಿಂತ 'ಬಿ.ಬಿ. ನಡುವಿನಿಂದ ಸೀಟಿನ ಕೊಳವೆಯ ತುದಿಗೆ 48 ಸೆಂ.ಮೀ.' ಎಂದು ಬರೆದರೆ ಓದುವವರು ಊಹೆ ಮಾಡಬೇಕಾಗುವುದಿಲ್ಲ.

ಇಷ್ಟಾದರೂ ಈ ಒಂದು ಅಂಕೆ ಸಾಲದು. ಅಪ್ಪನ ಸೈಕಲಿನ ಬಾರು ನೆಲಕ್ಕೆ ಸಮನಾಗಿತ್ತು, ಹಾಗಾಗಿ ಕೊಳವೆಯ ಉದ್ದ ಗೊತ್ತಾದರೆ ಬಾರಿನ ಎತ್ತರವೂ ಗೊತ್ತಾಗುತ್ತಿತ್ತು. ಈಗಿನ ಸೈಕಲುಗಳ ಬಾರು ಹ್ಯಾಂಡಲಿನ ಕಡೆ ಎತ್ತರ, ಸೀಟಿನ ಕಡೆ ತಗ್ಗು. ಎಷ್ಟು ತಗ್ಗು ಎಂಬುದು ಮಾಡೆಲಿಗೊಂದು ತರ. ಇಬ್ಬರ 19 ಇಂಚಿನ ಸೈಕಲುಗಳಲ್ಲಿ ಒಂದರ ಬಾರು ತೊಡೆಗೆ ತಗುಲಬಹುದು, ಇನ್ನೊಂದರದು ತಗುಲದಿರಬಹುದು.

ನಂಜನಗೂಡಿನ ಹುಡುಗನಿಗೆ ನಾನು ಹೇಳಬೇಕಾಗಿದ್ದದ್ದು ನೆಲದಿಂದ ಬಾರಿನ ಎತ್ತರ. ಟೈರಿಗೆ ಸರಿಯಾಗಿ ಗಾಳಿ ತುಂಬಿ, ಸೈಕಲನ್ನು ನೆಟ್ಟಗೆ ನಿಲ್ಲಿಸಿ, ಸೀಟಿನ ಮುಂದೆ ಮನುಷ್ಯ ಕಾಲು ಅಗಲಿಸಿ ನಿಲ್ಲುವ ಜಾಗದಲ್ಲಿ ನೆಲದಿಂದ ಬಾರಿನ ಮೇಲ್ಮೈಗೆ ಅಳೆದೆ. 79 ಸೆಂಟಿಮೀಟರ್. ಕೊಳ್ಳುವವರು ತಮ್ಮ ಕಾಲಿನ ಒಳ ಅಳತೆಯನ್ನು ಮನೆಯಲ್ಲೇ ತೆಗೆಯಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಸೀಟಿನ ಮೇಲೆ ಕೂತ ಹಾಗೆ ಒತ್ತುವಷ್ಟು ತೊಡೆಗಳ ನಡುವೆ ಮೇಲಕ್ಕೆತ್ತಿ, ಅದರ ಮೇಲಂಚು ಗೋಡೆಗೆ ತಗುಲಿದಲ್ಲಿ ಪೆನ್ಸಿಲ್ ಗೆರೆ ಎಳೆದರೆ, ನೆಲದಿಂದ ಆ ಗೆರೆಗೆ ಇರುವ ಎತ್ತರವೇ ಅಳತೆ. ರಸ್ತೆಯಲ್ಲಿ ಓಡಿಸುವ ಸೈಕಲಿಗೆ ಇದು ಬಾರಿಗಿಂತ ಮೂರು ಸೆಂಟಿಮೀಟರಾದರೂ ಹೆಚ್ಚಿರಬೇಕು, ಕಲ್ಲುಮುಳ್ಳಿನ ದಾರಿಯ ಸೈಕಲಿಗೆ ಇನ್ನೂ ಹೆಚ್ಚು. ನನ್ನ ಸೈಕಲಿಗೆ 82 ಬೇಕು. ಆಮೇಲೆ ಫೋನ್ ಮಾಡಿ ಕೇಳಿದಾಗ ಹುಡುಗ ಹೇಳಿದ ಅಳತೆ 74. ಐದು ಸೆಂಟಿಮೀಟರ್ ಬಾರಿಗೇ ಸಾಲದು. ರೈಲು ಹತ್ತುವ ಮೊದಲೇ ಇದು ತಿಳಿಯಬಹುದಾಗಿತ್ತು.

ನನ್ನ 'ಸೀಟು ಇಳಿಸಿಕೊಂಡ್ರೆ ಆಯ್ತು' ಎಂಬ ಮಾತು ಎಷ್ಟು ಪೊಳ್ಳು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಸೀಟು ಇಳಿದರೆ ಪೆಡಲು ಎಟುಕುತ್ತದೆ, ನಿಜ. ಬಾರು ಇಳಿಯುವುದಿಲ್ಲ, ಹ್ಯಾಂಡಲು ಹತ್ತಿರ ಬರುವುದಿಲ್ಲ. ಗಿಡ್ಡವಿರುವವರು ಉದ್ದ ಫ್ರೇಮಿನ ಮೇಲೆ ಕೂತರೆ ಮುಂದಕ್ಕೆ ಚಾಚಿ ಚಾಚಿ ಸೊಂಟ, ಕುತ್ತಿಗೆ ಹಿಡಿಯುತ್ತದೆ. ಈ ಚಾಚುವ ದೂರಕ್ಕೂ ಒಂದು ಅಳತೆ ಇದೆ: ಹ್ಯಾಂಡಲಿನ ಕಂಬ ಇಳಿಯುವ ಗಿಡ್ಡ ಕೊಳವೆಯ ಮೇಲ್ತುದಿಯ ನಡುವಿನಿಂದ ಟೇಪನ್ನು ನೆಲಕ್ಕೆ ಸಮನಾಗಿ ಹಿಂದಕ್ಕೆ ಎಳೆದು, ಸೀಟಿನ ಕಂಬದ ನಡುವಿಗೆ ತರುವುದು. ಬಾರು ಇಳಿಜಾರಾಗಿದ್ದರೂ ಟೇಪು ಸಮನಾಗಿರಬೇಕು. ನನ್ನದು 56. ಈಗಾಗಲೇ ಒಂದು ಸೈಕಲ್ ಓಡಿಸುತ್ತಿರುವವರು ತಮ್ಮದರ ಅಳತೆಯ ಪಕ್ಕ ಇದನ್ನಿಟ್ಟು ನೋಡಿದರೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ.

ಟೇಪು ಹಿಡಿದಿದ್ದಾಗಲೇ ಫ್ರೇಮಿನ ಮೈಯನ್ನೂ ನೋಡಿಬಿಡಬೇಕು. ಹ್ಯಾಂಡಲಿನ ಕೊಳವೆಗೆ ಕೆಳಗಿನ ದಪ್ಪ ಕೊಳವೆ ಬೆಸೆದಿರುವ ಜಾಗದ ತಳಭಾಗದಲ್ಲಿ ಬೆರಳಾಡಿಸಿ. ಎದುರಿಗೆ ಗುದ್ದಿದ ಸೈಕಲಿನಲ್ಲಿ ಅಲ್ಲಿ ಸಣ್ಣ ಉಬ್ಬು ಅಥವಾ ಸುಕ್ಕು ಕೈಗೆ ಸಿಗುತ್ತದೆ. ಅಲ್ಯೂಮಿನಿಯಂ ಫ್ರೇಮಿನಲ್ಲಾದರೆ ಬೆಸುಗೆಯ ಪಕ್ಕ ಪೇಂಟಿನಲ್ಲಿ ಕೂದಲೆಳೆಯಂಥ ಗೆರೆ ಕಾಣಬಹುದು. ಗೀರು ಎಷ್ಟಿದ್ದರೂ ಪರವಾಗಿಲ್ಲ, ಇವೆರಡರಲ್ಲಿ ಒಂದಿದ್ದರೂ ಆ ಸೈಕಲ್ ಓಡಿಸಲು ಮಾರುವಂಥದ್ದಲ್ಲ. ಬಿ.ಬಿ.ಯ ತಳಭಾಗದಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಒತ್ತಿರುತ್ತದೆ. ಕೊಂಡ ಬಿಲ್ಲಿನಲ್ಲಿ ಅದೇ ನಂಬರಿದ್ದರೆ ಬಿಲ್ಲಿದೆ ಎಂದು ಬರೆಯಿರಿ. ಕದ್ದ ಮಾಲಲ್ಲ ಎಂಬುದಕ್ಕೆ ಅಷ್ಟು ಸಾಕು.

ಇಪ್ಪತ್ತೊಂದರಲ್ಲಿ ಎಷ್ಟು ಗೇರು?

'21 ಗೇರ್' ಎನ್ನುವುದು ಗುಣಾಕಾರದ ಲೆಕ್ಕ. ಮುಂದೆ ಪೆಡಲಿನ ಬಳಿ ಮೂರು ಹಲ್ಲುಚಕ್ರ, ಹಿಂದೆ ಫ್ರೀವೀಲಿನಲ್ಲಿ ಏಳು. ಮೂರೇಳು ಇಪ್ಪತ್ತೊಂದು. ಅಷ್ಟೂ ಬೇರೆ ಬೇರೆ ಎಂದು ನಾನೂ ನಂಬಿದ್ದೆ. ಹಲ್ಲುಗಳನ್ನು ಎಣಿಸಿದ ಮೇಲೆ ಭ್ರಮೆ ಹರಿಯಿತು.

ಮುಂದಿನ ಮೂರಕ್ಕೆ 42, 34, 24 ಹಲ್ಲು. ಹಿಂದಿನ ಏಳಕ್ಕೆ 14, 16, 18, 20, 22, 24, 28. ಮುಂದಿನ ಹಲ್ಲನ್ನು ಹಿಂದಿನದರಿಂದ ಭಾಗಿಸಿದರೆ ಪೆಡಲು ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಸಿಗುತ್ತದೆ. 42 ಭಾಗಿಸು 28 ಎಂದರೆ ಒಂದೂವರೆ. 24 ಭಾಗಿಸು 16 ಕೂಡ ಒಂದೂವರೆಯೇ. 34 ಭಾಗಿಸು 22 ಎಂದರೆ ಒಂದೂವರೆಗಿಂತ ಕೂದಲೆಳೆ ಹೆಚ್ಚು. ಮೂರು ಗೇರು, ಕಾಲಿಗೆ ಒಂದೇ ಭಾರ. ಹೀಗೆ ಒಂದರ ಮೇಲೊಂದು ಬಿದ್ದವುಗಳನ್ನು ತೆಗೆದರೆ ಓಡಿಸುವವನ ಕಾಲಿಗೆ ಬೇರೆಯೆಂದು ತೋರುವುದು ಹೆಚ್ಚೆಂದರೆ ಹತ್ತು ಹನ್ನೆರಡು.

ಆದ್ದರಿಂದ ಗೇರಿನ ಸಂಖ್ಯೆಗಿಂತ ಎರಡು ತುದಿಗಳನ್ನು ಹೇಳುವುದು ಉಪಯೋಗಕ್ಕೆ ಬರುತ್ತದೆ. ನನ್ನ ಸೈಕಲಿನ ಅತಿ ಹಗುರದ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ, ಅತಿ ಭಾರದ್ದರಲ್ಲಿ 6.5 ಮೀಟರ್. ಮೊದಲನೆಯದು ಚಾಮುಂಡಿ ಬೆಟ್ಟದ ಏರಿಗೆ, ಎರಡನೆಯದು ಅದೇ ಬೆಟ್ಟದ ಇಳಿಜಾರಿಗೆ. ಇಷ್ಟು ಲೆಕ್ಕ ಹಾಕಲು ಬೇಜಾರಾದವರು ಹಲ್ಲಿನ ಸಂಖ್ಯೆಯನ್ನಷ್ಟೇ ಬರೆದರೂ ತಿಳಿದವರು ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಗೇರು ತಾನಾಗಿ ಹಾರುವ ಸಮಸ್ಯೆ. ಸೈಕಲನ್ನು ಶಾಪಿನ ಮುಂದೆ ನಿಲ್ಲಿಸಿದ ಕೂಡಲೇ ಶಾಪಿನವರು ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕೇಳಿದರು: "ಬಲಗಡೆಗೆ ಬೀಳಿಸಿದ್ರಾ?" ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಅದು ಎಷ್ಟು ಸಲ ಬಿದ್ದಿತ್ತೋ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರು ಹಿಂಚಕ್ರದ ಬಲಗಡೆ ಹ್ಯಾಂಗರ್ ಎಂಬ ಸಣ್ಣ ತುಂಡಿನಿಂದ ನೇತಾಡುತ್ತದೆ. ಬಲಕ್ಕೆ ಬಿದ್ದರೆ ಮೊದಲ ಪೆಟ್ಟು ಅದಕ್ಕೇ. ಹಿಂದಿನಿಂದ ನೋಡಿದಾಗ ಡಿರೇಲರಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ಇರಬೇಕು, ನನ್ನದು ಕೆಳಗಡೆ ಕಡ್ಡಿಗಳ ಕಡೆಗೆ ಓರೆಯಾಗಿತ್ತು. "ಹೀಗೇ ಬಿಟ್ಟು ಅತಿ ಹಗುರದ ಗೇರಿಗೆ ಹಾಕಿದ್ರೆ ಇದು ಕಡ್ಡಿಯೊಳಗೆ ಸಿಕ್ಕಿಹಾಕ್ಕೊಂಡು ಚಕ್ರಾನೇ ಹಾಳು ಮಾಡ್ತಿತ್ತು" ಎಂದು ಉದ್ದನೆಯ ಹಿಡಿಯ ಉಪಕರಣವೊಂದನ್ನು ಸಿಕ್ಕಿಸಿ ನಿಧಾನಕ್ಕೆ ನೇರ ಮಾಡಿದರು.

ಆಮೇಲೆ ಅವರು ಸ್ಟೀಲಿನ ಸ್ಕೇಲು ತೆಗೆದರು. ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಆದ್ದರಿಂದ 24 ಪಿನ್ನು ದಾಟಿದರೆ ಸರಿಯಾಗಿ 12 ಇಂಚು. ಒಂದು ಪಿನ್ನಿನ ನಡುವೆ ಸ್ಕೇಲಿನ ಸೊನ್ನೆ ಇಟ್ಟರೆ, ಹೊಸ ಚೈನಿನಲ್ಲಿ 24ನೆಯ ಪಿನ್ನಿನ ನಡುವೆ 12ರ ಗೆರೆ ಕೂರುತ್ತದೆ. ಓಡಿಸುತ್ತ ಓಡಿಸುತ್ತ ಪ್ರತಿ ಪಿನ್ನೂ ಚೂರು ಚೂರು ಸವೆದು ಚೈನು ಉದ್ದವಾಗುತ್ತದೆ. ಪಿನ್ನು ಗೆರೆಯನ್ನು ಒಂದೂವರೆ ಮಿಲಿಮೀಟರಿನಷ್ಟು ದಾಟಿದರೆ ಚೈನು ಬದಲಿಸುವ ಕಾಲ ಬಂತು. ಮೂರು ಮಿಲಿಮೀಟರ್ ದಾಟಿದರೆ ಆ ಉದ್ದದ ಚೈನು ಫ್ರೀವೀಲಿನ ಹಲ್ಲನ್ನೂ ತನಗೆ ತಕ್ಕಂತೆ ತಿಂದುಹಾಕಿರುತ್ತದೆ. ನನ್ನದು ಮೂರನ್ನು ಮುಟ್ಟಿತ್ತು.

"ಎರಡೂ ಬದಲಿಸಿ" ಎಂದರು. ಮಾರುವ ಸೈಕಲಿಗೆ ಯಾಕೆ ಅಷ್ಟೊಂದು ಖರ್ಚು ಎಂದು ನಾನು ಚೈನು ಮಾತ್ರ ಹಾಕಿಸಿದೆ. ಮರುದಿನ ಬೆಳಗ್ಗೆ ಏರಿನಲ್ಲಿ ತುಳಿದರೆ ಕಟಕ್ಕೆಂದು ಪೆಡಲು ಜಾರಿ ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಹೊಸ ಚೈನಿನ ಅರ್ಧ ಇಂಚಿನ ಕೊಂಡಿಗಳು, ಹಳೆಯ ಚೈನಿಗೆ ಒಗ್ಗಿ ಅಗಲವಾಗಿದ್ದ ಹಲ್ಲಿನ ಮೇಲೆ ಕೂರದೆ ಏರಿ ಜಾರುತ್ತಿದ್ದವು. ಅದೂ ನಾನು ದಿನವೂ ಬಳಸುತ್ತಿದ್ದ 16, 18ರ ಹಲ್ಲುಚಕ್ರಗಳಲ್ಲಿ ಮಾತ್ರ. ಉಪಯೋಗಿಸದೇ ಇದ್ದ 28ರಲ್ಲಿ ಏನೂ ತೊಂದರೆಯಿರಲಿಲ್ಲ. ಮತ್ತೆ ಶಾಪಿಗೆ ಹೋದಾಗ ಅವರು ಏನೂ ಅನ್ನಲಿಲ್ಲ, ಸುಮ್ಮನೆ ಫ್ರೀವೀಲ್ ಬಿಚ್ಚುವ ಉಪಕರಣ ಕೈಗೆತ್ತಿಕೊಂಡರು.

ಹಳೆಯ ಸೈಕಲಿನ ವಿವರದಲ್ಲಿ 'ಹೊಸ ಚೈನು' ಎಂದು ಕಂಡಾಗ ಈಗ ನನಗೆ ಮೊದಲು ಬರುವ ಪ್ರಶ್ನೆ 'ಫ್ರೀವೀಲು?' ಎಂಬುದೇ. ಚೈನಷ್ಟೇ ಹೊಸದಾಗಿದ್ದರೆ ಎಲ್ಲ ಗೇರಿನಲ್ಲೂ ಜೋರಾಗಿ ತುಳಿದು ನೋಡುವವರೆಗೆ ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಹೇಳಲಾಗುವುದಿಲ್ಲ.

ಡಿಸ್ಕ್ ಬ್ರೇಕು, ತಂತಿಯದೋ ಎಣ್ಣೆಯದೋ

ಬ್ರೇಕಿನ ವಿಷಯದಲ್ಲೂ ಬರೀ ಹೆಸರು ಸಾಲದು. ಡಿಸ್ಕ್ ಬ್ರೇಕಿನಲ್ಲಿ ಎರಡು ಜಾತಿ. ಲಿವರಿನಿಂದ ಚಕ್ರದವರೆಗೆ ಉಕ್ಕಿನ ತಂತಿ ಎಳೆಯುವುದು ಒಂದು, ಕೊಳವೆಯೊಳಗಿನ ದ್ರವ ಒತ್ತುವುದು ಇನ್ನೊಂದು. ತಂತಿಯದನ್ನು ಯಾವ ಊರಿನ ಸೈಕಲ್ ಶಾಪಿನಲ್ಲೂ ಸರಿಮಾಡುತ್ತಾರೆ. ದ್ರವದ್ದಕ್ಕೆ ಒಳಗೆ ಗಾಳಿ ಸೇರಿದರೆ ಲಿವರು ಸ್ಪಂಜು ಹಿಂಡಿದ ಹಾಗಾಗುತ್ತದೆ, ಗಾಳಿ ತೆಗೆಯಲು ಬೇರೆಯೇ ಸಲಕರಣೆ ಬೇಕು. ಕೆಲವು ಕಂಪನಿಗಳದು ಮಿನರಲ್ ಆಯಿಲ್, ಕೆಲವದು ವಾಹನಗಳ ಬ್ರೇಕ್ ದ್ರವದ ಜಾತಿಯದು. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರು ಉಬ್ಬಿ ಬ್ರೇಕೇ ಹೋಗುತ್ತದೆ. ಸಣ್ಣ ಊರಿನಲ್ಲಿರುವವರಿಗೆ ಈ ಒಂದು ಮಾತು ಸೈಕಲ್ ಬೇಕೋ ಬೇಡವೋ ಎಂದು ನಿರ್ಧರಿಸುವಷ್ಟು ದೊಡ್ಡದು.

ನನ್ನದು ತಂತಿಯ ಡಿಸ್ಕ್, ಎರಡೂ ಚಕ್ರಕ್ಕೆ 160 ಮಿಲಿಮೀಟರಿನ ತಟ್ಟೆ. ಹಿಂದಿನ ಲಿವರು ಹ್ಯಾಂಡಲಿಗೆ ಬಂದು ಕೂರುತ್ತಿದ್ದದ್ದಕ್ಕೆ ಕಾರಣ ನಾನು ಹಣ ಕೊಟ್ಟು ಮಾಡಿಸಿದ್ದ 'ಸರ್ವಿಸ್'. ಈ ಬಗೆಯ ಬ್ರೇಕುಗಳಲ್ಲಿ ಹೆಚ್ಚಿನವಕ್ಕೆ ಲಿವರು ಎಳೆದಾಗ ಹೊರಗಿನ ಪ್ಯಾಡ್ ಮಾತ್ರ ಚಲಿಸಿ, ತಟ್ಟೆಯನ್ನು ಬಾಗಿಸಿ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಒಳಗಿನದು ಸವೆದಂತೆ ಅದನ್ನು ಕಡ್ಡಿಗಳ ಕಡೆಯಿಂದ ಒಂದು ಸ್ಕ್ರೂ ತಿರುಗಿಸಿ ತಟ್ಟೆಯ ಹತ್ತಿರಕ್ಕೆ ತರಬೇಕು. ಅದನ್ನು ಮಾಡದೆ ಬರೀ ತಂತಿಯನ್ನು ಬಿಗಿ ಮಾಡುತ್ತ ಹೋದರೆ, ಬ್ರೇಕಿನ ಪುಟ್ಟ ತೋಳು ತನ್ನ ಓಟವನ್ನೆಲ್ಲ ಮೊದಲೇ ಮುಗಿಸಿಬಿಡುತ್ತದೆ. ನಿಂತಲ್ಲಿ ಹಿಡಿದು ನೋಡಿದರೆ ಬಿಗಿಯಾಗಿದೆ ಎನಿಸುತ್ತದೆ, ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ನಾನು ಮೊದಲು ಸರ್ವಿಸ್ ಮಾಡಿಸಿದ್ದ ಕಡೆ ತಂತಿಯನ್ನಷ್ಟೇ ಎಳೆದು ಕೊಟ್ಟಿದ್ದರು. ಜತೆಗೆ ಚೈನಿಗೆ ಎಣ್ಣೆಯನ್ನು ಸ್ಪ್ರೇ ಮಾಡಿದ್ದರು, ಅದರ ಹನಿ ಪಕ್ಕದ ತಟ್ಟೆಗೂ ಹಾರಿತ್ತು. ಎಣ್ಣೆ ಕುಡಿದ ಪ್ಯಾಡು ಕಿರುಚುತ್ತದೆ, ಹಿಡಿಯುವುದಿಲ್ಲ. ಅದನ್ನು ಎಷ್ಟು ಒರೆಸಿದರೂ ನಂಬುವಂತಿಲ್ಲ. ಶಾಪಿನವರು ಹಿಂದಿನ ಪ್ಯಾಡುಗಳನ್ನು ಬದಲಿಸಿ, ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರು.

ಕೊಳ್ಳುವವರು ನೋಡಿಕೊಳ್ಳುವುದು ಸುಲಭ. ಲಿವರು ಅರ್ಧ ದಾರಿಯಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಮುಂದಿನ ಬ್ರೇಕು ಹಿಡಿದು ಸೈಕಲನ್ನು ಮುಂದಕ್ಕೆ ನೂಕಿದರೆ ಹಿಂಚಕ್ರ ನೆಲ ಬಿಡಬೇಕು. ಹಿಂದಿನದನ್ನು ಹಿಡಿದು ನೂಕಿದರೆ ಹಿಂಚಕ್ರ ತಿರುಗದೆ ಎಳೆದುಕೊಂಡು ಬರಬೇಕು. ಪ್ಯಾಡಿನ ಲೋಹದ ತಗಡನ್ನು ಬಿಟ್ಟು ಮೇಲಿನ ಪದರ ಅರ್ಧ ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬದಲಿಸಬೇಕು. ತಟ್ಟೆ ಎಷ್ಟು ತೆಳುವಾಗುವವರೆಗೆ ಬಳಸಬಹುದೆಂದು ಎಷ್ಟೋ ಸಲ ಅದರ ಮೇಲೆಯೇ ಕೆತ್ತಿರುತ್ತಾರೆ, ಅನೇಕವಕ್ಕೆ ಅದು 1.5 ಮಿಲಿಮೀಟರ್. ಡಿಸ್ಕ್ ಇಲ್ಲದೆ ರಿಮ್ಮಿಗೇ ರಬ್ಬರು ಒತ್ತುವ ಬ್ರೇಕಾದರೆ ನೋಡಬೇಕಾದದ್ದು ರಿಮ್ಮಿನ ಪಕ್ಕವನ್ನು. ಅದು ಒಳಕ್ಕೆ ತಗ್ಗಾಗಿದ್ದರೆ ರಬ್ಬರು ಬದಲಿಸಿ ಪ್ರಯೋಜನವಿಲ್ಲ, ರಿಮ್ಮೇ ಮುಗಿದಿದೆ.

'ಸರ್ವಿಸ್ ಆಗಿದೆ' ಎಂದರೆ ಏನಾಗಿದೆ?

ತೊಳೆದು ಎಣ್ಣೆ ಬಿಟ್ಟರೂ ಸರ್ವಿಸ್, ಎಲ್ಲ ಬೇರಿಂಗು ಬಿಚ್ಚಿ ಗ್ರೀಸು ಹಾಕಿದರೂ ಸರ್ವಿಸ್. ಆ ಪದವನ್ನು ನಾನು ಈ ಸಲ ಬಿಟ್ಟುಬಿಟ್ಟೆ. ಬದಲಿಗೆ ಮಾಡಿಸಿದ ಕೆಲಸವನ್ನು ಮೂರು ಗುಂಪಾಗಿ ಬರೆದೆ: ಹೊಸದಾಗಿ ಹಾಕಿಸಿದ್ದು, ಇದ್ದದ್ದನ್ನೇ ಸರಿಮಾಡಿಸಿದ್ದು, ಗೊತ್ತಿದ್ದೂ ಹಾಗೆಯೇ ಬಿಟ್ಟದ್ದು. ಮೂರನೆಯದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಹೇಗೂ ಬಂದವರು ನೋಡಿಯೇ ನೋಡುತ್ತಾರೆ. ಬಂದ ಮೇಲೆ ಅವರೇ ಕಂಡುಹಿಡಿದ ಒಂದು ದೋಷ, ನಾವು ಹೇಳಿದ ಮಿಕ್ಕ ಎಲ್ಲವನ್ನೂ ಅನುಮಾನಕ್ಕೆ ಈಡುಮಾಡುತ್ತದೆ.

ನನ್ನ ಸೈಕಲಿನಲ್ಲಿ ಬಿಟ್ಟದ್ದು ಮುಖ್ಯವಾಗಿ ಬಿ.ಬಿ. ಪೆಡಲಿನ ತೋಳನ್ನು ಹಿಡಿದು ಫ್ರೇಮಿನ ಕಡೆಗೂ ಹೊರಕ್ಕೂ ಅಲ್ಲಾಡಿಸಿದರೆ ಒಂದು ಸಣ್ಣ 'ಟಕ್' ಬರುತ್ತಿತ್ತು. ಬೇರಿಂಗು ಸವೆದದ್ದರ ಗುರುತು. ಒಂದೇ ತೋಳು ಅಲ್ಲಾಡಿದರೆ ಆ ತೋಳಿನ ಬೋಲ್ಟು ಸಡಿಲ, ಎರಡೂ ಒಟ್ಟಿಗೆ ಅಲ್ಲಾಡಿದರೆ ಬಿ.ಬಿ. ಎಂದು ಶಾಪಿನವರು ತೋರಿಸಿಕೊಟ್ಟರು. ಇನ್ನು ಟೈರು. ಎರಡು ವರ್ಷ ಗಾಳಿಯಿಲ್ಲದೆ ಬಿಸಿಲಿಗೆ ನಿಂತು ಹಿಂದಿನದರ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ನೆಲಕ್ಕೆ ತಾಗುವ ಗುಬ್ಬಿಗಳೆಲ್ಲ ಹೊಸದರಂತೆ ಇದ್ದುದರಿಂದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಓಡಿದ ದೂರವನ್ನು ಬರೆಯುವಾಗ ಅಂಕೆಯ ಜತೆ ಅದು ಬಂದ ದಾರಿಯನ್ನೂ ಬರೆದೆ. ಕೊಂಡದ್ದು 2020ರ ಆಗಸ್ಟಿನಲ್ಲಿ, ಕೊರೋನಾ ಕಾಲದಲ್ಲಿ. ಮುಂದಿನ ಸುಮಾರು 75 ವಾರ, ವಾರಕ್ಕೆ ಐದು ದಿನ, ದಿನಕ್ಕೆ 9 ಕಿಲೋಮೀಟರ್. ಗುಣಿಸಿದರೆ ಸುಮಾರು 3,400. ಆಮೇಲೆ ಆಗೊಮ್ಮೆ ಈಗೊಮ್ಮೆ. 'ಹೆಚ್ಚು ಓಡಿಲ್ಲ' ಎನ್ನುವ ಮಾತನ್ನು ಯಾರೂ ತಾಳೆ ನೋಡಲಾರರು, ಈ ಲೆಕ್ಕವನ್ನು ಸವೆದ ಚೈನಿನ ಪಕ್ಕದಲ್ಲಿಟ್ಟು ನೋಡಬಹುದು.

ಕೊನೆಗೆ ಬರೆದದ್ದು ಹೀಗಿತ್ತು:

*ರಸ್ತೆಗೆ ಹೊಂದುವ ಹೈಬ್ರಿಡ್ ಸೈಕಲ್, ಅಲ್ಯೂಮಿನಿಯಂ ಫ್ರೇಮು. 2020ರ ಆಗಸ್ಟಿನಲ್ಲಿ ಕೊಂಡದ್ದು, ಫ್ರೇಮ್ ನಂಬರಿರುವ ಬಿಲ್ಲು ಇದೆ. ಓಡಿದ್ದು ಸುಮಾರು 3,400 ಕಿ.ಮೀ. (75 ವಾರ, ವಾರಕ್ಕೆ ಐದು ದಿನ, ದಿನಕ್ಕೆ 9 ಕಿ.ಮೀ.), ಕಳೆದ ಎರಡು ವರ್ಷ ಹೆಚ್ಚಾಗಿ ನಿಂತೇ ಇತ್ತು.*

*ಫ್ರೇಮು: ಬಿ.ಬಿ. ನಡುವಿನಿಂದ ಸೀಟಿನ ಕೊಳವೆಯ ತುದಿಗೆ 48 ಸೆಂ.ಮೀ. (19 ಇಂಚು). ನೆಲದಿಂದ ಬಾರು 79 ಸೆಂ.ಮೀ.; ಕಾಲಿನ ಒಳ ಅಳತೆ 82ಕ್ಕಿಂತ ಕಡಿಮೆ ಇರುವವರಿಗೆ ಆಗುವುದಿಲ್ಲ. ಹ್ಯಾಂಡಲಿನಿಂದ ಸೀಟಿನ ಕಂಬಕ್ಕೆ ಸಮವಾಗಿ 56 ಸೆಂ.ಮೀ. ಬೆಸುಗೆಗಳಲ್ಲಿ ಬಿರುಕಿಲ್ಲ, ಬಲಗಡೆ ಗೀರುಗಳಿವೆ. ಟೈರು 37-622.*

*ಗೇರು: ಮುಂದೆ 42-34-24, ಹಿಂದೆ 14ರಿಂದ 28, ಏಳು. ಎಲ್ಲ ಗೇರೂ ಬೀಳುತ್ತವೆ. ಬ್ರೇಕು: ತಂತಿಯ ಡಿಸ್ಕ್, 160 ಮಿ.ಮೀ.; ಬಲಗೈ ಲಿವರು ಮುಂದಿನದಕ್ಕೆ.*

*ಕಳೆದ ವಾರ ಹೊಸದಾಗಿ ಹಾಕಿಸಿದ್ದು: ಚೈನು, ಫ್ರೀವೀಲು, ಹಿಂದಿನ ಬ್ರೇಕ್ ಪ್ಯಾಡು (ಕೂಲಿ ಸೇರಿ 1,650 ರೂ., ಚೀಟಿ ಇದೆ). ಸರಿಮಾಡಿಸಿದ್ದು: ಬಾಗಿದ್ದ ಹ್ಯಾಂಗರ್, ಹಿಂಚಕ್ರದ ಬೆಂಡು. ಹಾಗೆಯೇ ಇರುವುದು: ಬಿ.ಬಿ.ಯಲ್ಲಿ ಸ್ವಲ್ಪ ಆಟ, ಬೇಗ ಬದಲಿಸಬೇಕು. ಹಿಂದಿನ ಟೈರಿನ ಪಕ್ಕದಲ್ಲಿ ಬಿರುಕು. ಮುಂದಿನ ಪ್ಯಾಡು ಹಳೆಯದು, ಸದ್ಯಕ್ಕೆ ನಡೆಯುತ್ತದೆ.*

ಮೊದಲ ಸಲ ಹನ್ನೊಂದು ಫೋನ್ ಬಂದಿದ್ದವು, ಈ ಸಲ ಮೂರು. ಒಬ್ಬರು ಬಿ.ಬಿ.ಗೆ ಎಷ್ಟು ಬೀಳಬಹುದೆಂದು ವಿಚಾರಿಸಿ ಸುಮ್ಮನಾದರು. ಇನ್ನೊಬ್ಬರ ಕಾಲಿನ ಅಳತೆ 78, ಫೋನಿನಲ್ಲೇ ಬೇಡವೆಂದರು. ಮೂರನೆಯವರು ಶ್ರೀರಂಗಪಟ್ಟಣದ ಮೇಷ್ಟ್ರು, ಆರಡಿಗೆ ಒಂದಿಂಚು ಕಡಿಮೆ. ಬಂದವರೇ ಪೆಡಲಿನ ತೋಳು ಹಿಡಿದು ಅಲ್ಲಾಡಿಸಿ, "ಆಟ ಅಂದಿದ್ರಲ್ಲ, ಇದೇ ತಾನೆ?" ಎಂದರು. ಹೌದೆಂದೆ. ಬಿ.ಬಿ., ಟೈರು ಎರಡರ ಖರ್ಚನ್ನು ಬೆಲೆಯಿಂದ ಕಳೆದುಕೊಂಡರು, ಬೇರೆ ಚೌಕಾಸಿ ನಡೆಯಲಿಲ್ಲ.

ತಿಂಗಳಾದ ಮೇಲೆ ನಂಜನಗೂಡಿನ ಹುಡುಗನ ಫೋನು. ಅಲ್ಲೇ ಹತ್ತಿರದಲ್ಲಿ ಯಾರೋ ಒಂದು ಸೈಕಲ್ ಮಾರುತ್ತಿದ್ದಾರಂತೆ, 16 ಇಂಚಿನ ಫ್ರೇಮು. "ಬಾರು 70 ಇದೆ ಸಾರ್, ನಾನೇ ಟೇಪ್ ಹಿಡಿದು ನೋಡ್ದೆ. ನಾಲ್ಕು ಸೆಂಟಿಮೀಟರ್ ಮಿಗುತ್ತೆ. ಚೈನು ಹೊಸದಂತೆ. ತಗೊಳ್ಲಾ?"

"ಫ್ರೀವೀಲು?" ಎಂದೆ.